ಹತ್ತು ಸಲ ಕೂಗಿದರೂ ಓಗೊಡದ ಬೋರ್ಡು

ಆರ್ಡುಯಿನೊ ಹಿಡಿದು ಕೂತವರೆಲ್ಲರೂ ಒಂದಲ್ಲ ಒಂದು ದಿನ ಈ ಸಾಲುಗಳನ್ನು ಕಂಡೇ ಇರುತ್ತಾರೆ. ಕೋಡ್ ಬರೆದಾಗಿದೆ. ಟಿಕ್ ಗುರುತಿನ ಗುಂಡಿ ಒತ್ತಿದರೆ ಎಲ್ಲವೂ ಸರಿಯಿದೆ ಎನ್ನುತ್ತದೆ. ಪಕ್ಕದ ಬಾಣದ ಗುಂಡಿ ಒತ್ತಿ ಬೋರ್ಡಿಗೆ ಕಳಿಸಲು ಹೋದರೆ ಮಾತ್ರ ಒಂದಷ್ಟು ಹೊತ್ತು ಸುಮ್ಮನಿದ್ದು, ಪರದೆಯ ಕೆಳಗಿನ ಪಟ್ಟಿಯಲ್ಲಿ ಹೀಗೆ ಬರೆಯುತ್ತದೆ:

```
avrdude: stk500_recv(): programmer is not responding
avrdude: stk500_getsync() attempt 1 of 10: not in sync: resp=0x00
```

ಆಮೇಲೆ ಎರಡನೇ ಪ್ರಯತ್ನ, ಮೂರನೆಯದು, ಹೀಗೆ ಹತ್ತರವರೆಗೆ ಎಣಿಸಿ ಕೈಚೆಲ್ಲುತ್ತದೆ. ಎಲ್ಲ ಸಾಲುಗಳೂ ಹೆಚ್ಚುಕಡಿಮೆ ಒಂದೇ ಥರ ಇರುವುದರಿಂದ ಓದುವವರು ಮೊದಲನೆಯದನ್ನು ಓದಿ ಉಳಿದದ್ದನ್ನು ಬಿಡುತ್ತಾರೆ. ಎಷ್ಟೋ ಜನ ಮೊದಲನೆಯದನ್ನೂ ಪೂರ್ತಿ ಓದುವುದಿಲ್ಲ. ನನಗೆ ಈ ಸಂದೇಶದ ಮೇಲೆ ಒಂದು ಬಗೆಯ ಗೌರವವಿದೆ. ತನಗೆ ಗೊತ್ತಿರುವುದನ್ನಷ್ಟೇ ಅದು ಹೇಳುತ್ತದೆ, ಒಂದಕ್ಷರ ಹೆಚ್ಚು ಹೇಳುವುದಿಲ್ಲ. ಅದು ಹೇಳದೆ ಬಿಟ್ಟದ್ದನ್ನು ನಾವು ಬೇರೆ ಕಡೆಯಿಂದ ತಿಳಿದುಕೊಳ್ಳಬೇಕು.

ಅದಕ್ಕೆ ಗೊತ್ತಿರುವುದು ಇಷ್ಟು. ಅಪ್‌ಲೋಡ್ ಗುಂಡಿ ಒತ್ತಿದಾಗ ಕೋಡ್ ಮೊದಲು ಕಂಪೈಲ್ ಆಗುತ್ತದೆ, ಅಂದರೆ ಚಿಪ್ಪಿಗೆ ಅರ್ಥವಾಗುವ ರೂಪಕ್ಕೆ ಬರುತ್ತದೆ. ಅದಾದ ಮೇಲೆ ಎವಿಆರ್‌ಡ್ಯೂಡ್ ಎಂಬ ಪುಟ್ಟ ಪ್ರೋಗ್ರಾಮು ಕೆಲಸ ವಹಿಸಿಕೊಳ್ಳುತ್ತದೆ. ಅದು ಯುಎಸ್‌ಬಿ ದಾರಿಯಲ್ಲಿ ಬೋರ್ಡನ್ನು ಒಮ್ಮೆ ರೀಸೆಟ್ ಮಾಡಿ, ತಕ್ಷಣ ಎರಡು ಬೈಟ್ ಕಳಿಸುತ್ತದೆ: `0x30`, `0x20`. ಚಿಪ್ಪಿನೊಳಗೆ ಬೂಟ್‌ಲೋಡರ್ ಎಂಬ ಸಣ್ಣ ಕೋಡ್ ಮೊದಲೇ ಕೂತಿರುತ್ತದೆ. ರೀಸೆಟ್ ಆದೊಡನೆ ಎದ್ದು, ಹೊಸ ಪ್ರೋಗ್ರಾಮು ಏನಾದರೂ ಬರುತ್ತಿದೆಯೇ ಎಂದು ಸ್ವಲ್ಪ ಹೊತ್ತು, ಈಚಿನ ಬೋರ್ಡುಗಳಲ್ಲಿ ಹೆಚ್ಚೆಂದರೆ ಒಂದು ಸೆಕೆಂಡು, ಕಿವಿಗೊಟ್ಟು ಕಾಯುವುದೇ ಅದರ ಕೆಲಸ. ಆ ಎರಡು ಬೈಟ್ ಕೇಳಿಸಿದರೆ `0x14`, `0x10` ಎಂದು ಉತ್ತರ ಕೊಡುತ್ತದೆ. ಅಲ್ಲಿಗೆ ಇಬ್ಬರೂ ಒಂದು ತಾಳಕ್ಕೆ ಬಂದರು, ಮುಂದಿನ ಸಾಗಾಟ ಶುರು. `0x14` ಬರಬೇಕಾದ ಜಾಗದಲ್ಲಿ ಏನೂ ಬರದಿದ್ದರೆ, ಅಥವಾ ಬೇರೇನೋ ಬಂದರೆ, ಆಗ ನಮಗೆ ಕಾಣುವುದೇ `not in sync`.

ಅಂಗಳದಲ್ಲಿ ನಿಂತು "ಯಾರಿದ್ದೀರಿ ಮನೇಲಿ?" ಎಂದು ಕೂಗಿದ ಹಾಗೆ ಇದು. ಒಳಗಿನಿಂದ ಯಾರೂ ಓಗೊಡಲಿಲ್ಲ ಎಂಬುದಷ್ಟೇ ಹೊರಗಿದ್ದವನಿಗೆ ಗೊತ್ತು. ಅವನು ಬಂದದ್ದೇ ಬೇರೆ ಮನೆಗೋ, ದನಿ ಒಳಗೆ ತಲುಪಲಿಲ್ಲವೋ, ತಲುಪಿದರೂ ಒಳಗಿದ್ದವರಿಗೆ ಅವನ ಭಾಷೆ ತಿಳಿಯಲಿಲ್ಲವೋ, ಅದು ಅಂಗಳದಲ್ಲಿ ನಿಂತವನಿಗೆ ತಿಳಿಯುವುದಿಲ್ಲ. ಪೋರ್ಟು, ಕೇಬಲ್, ಬೋರ್ಡಿನ ಆಯ್ಕೆ ಎಂದು ಬಲ್ಲವರೆಲ್ಲ ಹೇಳುವ ಮೂರು ತಪಾಸಣೆಗಳು ಈ ಮೂರು ಪ್ರಶ್ನೆಗಳೇ.

ಇದರಿಂದ ಇನ್ನೊಂದು ಮಾತೂ ಹೊರಡುತ್ತದೆ. ಈ ಹಂತ ತಲುಪಿದ್ದೇವೆ ಎಂದರೆ ಕೋಡ್ ಕಂಪೈಲ್ ಆಗಿ ಮುಗಿದಿದೆ. ದೋಷ ನೀವು ಬರೆದ ಸಾಲುಗಳಲ್ಲಿ ಇಲ್ಲ. ಹಾಗಿದ್ದೂ ಮಕ್ಕಳು ಮೊದಲು ಕೈ ಹಾಕುವುದು ಕೋಡಿಗೇ. ನನ್ನ ತಂಗಿಯ ಮಗಳು ಮಾಡಿದ್ದೂ ಅದನ್ನೇ. ಎಂಜಿನಿಯರಿಂಗ್ ಓದುವ ಹುಡುಗಿ. ಮನೆ ಮೇಲಿನ ಟ್ಯಾಂಕಿನಲ್ಲಿ ನೀರು ಎಷ್ಟಿದೆ ಎಂದು ಅಲ್ಟ್ರಾಸಾನಿಕ್ ಸೆನ್ಸರಿನಿಂದ ಅಳೆದು, ತುಂಬಿದ ಕೂಡಲೇ ಬಜರ್ ಹೊಡೆಯುವ ಪ್ರಾಜೆಕ್ಟು. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ನ್ಯಾನೊ ಬೋರ್ಡುಗಳನ್ನು ತಂದಿದ್ದಳು. "ಮಾಮ, ಕೋಡ್‌ನಲ್ಲೇ ಏನೋ ತಪ್ಪಿದೆ ಅನ್ಸುತ್ತೆ, ಬೆಳಗ್ಗೆಯಿಂದ ಒಂದೊಂದೇ ಸಾಲು ಅಳಿಸಿ ಅಳಿಸಿ ನೋಡ್ತಿದೀನಿ" ಎಂದು ಫೋನ್ ಮಾಡಿದಳು. ಅವಳು ಅಳಿಸುತ್ತ ಹೋಗಿ ಖಾಲಿ `setup` ಮತ್ತು ಖಾಲಿ `loop` ಮಾತ್ರ ಉಳಿದಿದ್ದವು. ಅದೂ ಹೋಗುತ್ತಿರಲಿಲ್ಲ. ಖಾಲಿ ಸ್ಕೆಚ್ಚೂ ಹೋಗುವುದಿಲ್ಲ ಎಂದರೆ ತಪ್ಪು ಕೋಡಿನದಲ್ಲ ಎನ್ನುವುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ. ಆ ಲೆಕ್ಕದಲ್ಲಿ ಅವಳ ಬೆಳಗ್ಗೆ ದಂಡವಾಗಿರಲಿಲ್ಲ.

ಸಂಜೆ ಅವರ ಮನೆಗೆ ಹೋದೆ. ಭಾವನ ಹಳೇ ಡೆಸ್ಕ್‌ಟಾಪ್ ಕಂಪ್ಯೂಟರ್, ಅದರಲ್ಲಿ ವಿಂಡೋಸ್, ಆರ್ಡುಯಿನೊ ಐಡಿಇಯ 1.8 ಸರಣಿಯ ಆವೃತ್ತಿ. ಯಾವುದನ್ನೂ ಮುಟ್ಟುವ ಮೊದಲು ನಾನು ಮಾಡಿಸಿದ್ದು ಒಂದೇ ಕೆಲಸ. `File` ಮೆನುವಿನ `Preferences` ತೆಗೆದು, `Show verbose output during` ಎಂಬಲ್ಲಿ `upload` ಎದುರಿನ ಚೌಕಕ್ಕೆ ಟಿಕ್ ಹಾಕಿಸಿದೆ. ಈ ಒಂದು ಟಿಕ್ಕಿಲ್ಲದೆ ಈ ದೋಷದ ಹಿಂದೆ ಬೀಳುವುದು ಕತ್ತಲಲ್ಲಿ ತಡಕಾಡುವುದೇ ಸರಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಟಿಕ್ ಹಾಕಿದ ಮೇಲೆ ಅಪ್‌ಲೋಡ್ ಒತ್ತಿದರೆ, ಐಡಿಇ ಎವಿಆರ್‌ಡ್ಯೂಡ್‌ಗೆ ಕೊಟ್ಟ ಅಪ್ಪಣೆ ಇದ್ದದ್ದು ಇದ್ದ ಹಾಗೆ ಪರದೆಗೆ ಬರುತ್ತದೆ. ಫೋಲ್ಡರಿನ ಉದ್ದುದ್ದ ದಾರಿಗಳನ್ನು ತೆಗೆದುಹಾಕಿದರೆ ಅವಳ ಪರದೆಯಲ್ಲಿ ಇದ್ದದ್ದು ಇದು:

```
avrdude -v -patmega328p -carduino -PCOM1 -b115200 -D
```

ಪಕ್ಕದಲ್ಲಿ ಕೂರಿಸಿಕೊಂಡು ಓದಿಸಿದೆ. ಸಣ್ಣ `-p` ಎಂದರೆ ಯಾವ ಚಿಪ್ಪು. `-c` ಎಂದರೆ ಯಾವ ಬಗೆಯಲ್ಲಿ ಮಾತಾಡಬೇಕು. ದೊಡ್ಡ `-P` ಎಂದರೆ ಯಾವ ಪೋರ್ಟು. `-b` ಎಂದರೆ ಸೆಕೆಂಡಿಗೆ ಎಷ್ಟು ಬಿಟ್ ವೇಗ. ಇವುಗಳಲ್ಲಿ ಚಿಪ್ಪು, ಮಾತಿನ ಬಗೆ, ವೇಗ ಮೂರೂ ನಾವು `Tools` ಮೆನುವಿನಲ್ಲಿ ಆರಿಸಿದ ಬೋರ್ಡಿನಿಂದ ಬರುತ್ತವೆ. ಪೋರ್ಟು ನಾವು ಆರಿಸಿದ ಪೋರ್ಟಿನಿಂದ. ಅಂದರೆ ನಮ್ಮ ಮೂರು ಅನುಮಾನಗಳಲ್ಲಿ ಎರಡು ಈ ಒಂದೇ ಸಾಲಿನಲ್ಲಿ ಬರಹದಲ್ಲಿ ಸಿಗುತ್ತವೆ. ಬರಹದಲ್ಲಿ ಸಿಗದೆ ಉಳಿಯುವುದು ಕೇಬಲ್ ಮಾತ್ರ. ಅದನ್ನು ಕೈಯಾರೆ ಪರೀಕ್ಷಿಸದೆ ಬೇರೆ ದಾರಿಯಿಲ್ಲ.

ಸಾಲಿನಲ್ಲಿ ನನ್ನ ಕಣ್ಣು ನಿಂತದ್ದು `COM1` ಮೇಲೆ. ಹಳೇ ಡೆಸ್ಕ್‌ಟಾಪುಗಳ ಮದರ್‌ಬೋರ್ಡಿನಲ್ಲೇ ಒಂದು ಸೀರಿಯಲ್ ಪೋರ್ಟ್ ಇರುತ್ತದೆ, ಯುಎಸ್‌ಬಿ ಬರುವುದಕ್ಕೂ ಹಿಂದಿನ ಕಾಲದ್ದು. ವಿಂಡೋಸ್ ಅದನ್ನು `COM1` ಎಂದು ಕರೆಯುತ್ತದೆ. ಆರ್ಡುಯಿನೊ ಸಿಕ್ಕಿಸಿದ್ದರೂ ಸಿಕ್ಕಿಸದಿದ್ದರೂ ಅದು ಮೆನುವಿನಲ್ಲಿ ಇದ್ದೇ ಇರುತ್ತದೆ, ಅದರ ಇನ್ನೊಂದು ತುದಿಯಲ್ಲಿ ಯಾರೂ ಇರುವುದಿಲ್ಲ. ಯುಎಸ್‌ಬಿಯಿಂದ ಬಂದ ಬೋರ್ಡಿಗೆ ವಿಂಡೋಸ್ ಸಾಮಾನ್ಯವಾಗಿ `COM3`, `COM4`, `COM5` ಹೀಗೆ ಮುಂದಿನ ಸಂಖ್ಯೆ ಕೊಡುತ್ತದೆ. "ಬೇರೆ ಪೋರ್ಟ್ ಯಾವುದಾದ್ರೂ ತೋರಿಸ್ತಾ ಇದೆಯೇನಮ್ಮಾ?" ಎಂದೆ. "ಇಲ್ಲ ಮಾಮ, ಇದೊಂದೇ ಇರೋದು. ಅದಕ್ಕೇ ಇದನ್ನ ಸೆಲೆಕ್ಟ್ ಮಾಡಿದ್ದು" ಎಂದಳು. ಅವಳ ಜಾಗದಲ್ಲಿ ಯಾರಿದ್ದರೂ ಅದನ್ನೇ ಮಾಡುತ್ತಿದ್ದರು.

ಇಲ್ಲಿ ಒಂದು ಸೂಕ್ಷ್ಮವಿದೆ, ಅದನ್ನು ಬಿಡಿಸಿ ಹೇಳಬೇಕು. ಇಲ್ಲದೇ ಇರುವ ಪೋರ್ಟನ್ನು ಎವಿಆರ್‌ಡ್ಯೂಡ್‌ಗೆ ಕೊಟ್ಟರೆ ಅದು ಸಿಂಕ್ ದೋಷ ಹೇಳುವುದೇ ಇಲ್ಲ, `can't open device` ಎನ್ನುತ್ತದೆ. ಪೋರ್ಟ್ ಇದ್ದು ಅದನ್ನು ಬೇರೆ ಯಾವುದೋ ಪ್ರೋಗ್ರಾಮು ಹಿಡಿದುಕೊಂಡಿದ್ದರೆ ಅದೇ ಸಾಲಿನ ಕೊನೆಗೆ `Access is denied` ಎಂದು ಸೇರಿಸುತ್ತದೆ. ಬಾಗಿಲೇ ತೆರೆಯದಿದ್ದರೆ ಆ ಮಾತು, ತೆರೆದೂ ಉತ್ತರ ಬರದಿದ್ದರೆ ಈ ಮಾತು. ಹಾಗಾಗಿ ಕೆಟ್ಟ ಕೇಬಲ್ ತಾನಾಗಿ ಸಿಂಕ್ ದೋಷ ಹುಟ್ಟಿಸುವುದು ಕಡಿಮೆ. ಕೇಬಲ್ಲಿನಲ್ಲಿ ಡೇಟಾ ಹೋಗದಿದ್ದರೆ ಬೋರ್ಡಿನ ಪೋರ್ಟು ಮೆನುವಿನಲ್ಲಿ ಮೂಡುವುದೇ ಇಲ್ಲ. ಆದರೆ ಅದು ಮೂಡದೇ ಇದ್ದಾಗ ಮನುಷ್ಯರು ಇರುವ ಇನ್ನೊಂದನ್ನು ಆರಿಸುತ್ತಾರೆ. ಅದು ತೆರೆಯುತ್ತದೆ, ಅಲ್ಲಿ ಉತ್ತರ ಕೊಡುವವರಿಲ್ಲ, ಸಿಂಕ್ ದೋಷ ಬರುತ್ತದೆ. ಪರದೆಯಲ್ಲಿ ಕಾಣುವುದು ಪೋರ್ಟಿನ ತಪ್ಪು, ಬುಡದಲ್ಲಿರುವುದು ಕೇಬಲ್ಲಿನ ತಪ್ಪು.

ಅವಳ ಕೇಬಲ್ ನೋಡಿದೆ. ನ್ಯಾನೊದಲ್ಲಿರುವುದು ಮಿನಿ ಯುಎಸ್‌ಬಿ ಸಾಕೆಟ್ಟು, ಈಗಿನ ಫೋನುಗಳ ಯಾವ ಕೇಬಲ್ಲೂ ಅದಕ್ಕೆ ಆಗುವುದಿಲ್ಲ. ಮನೆಯಲ್ಲಿದ್ದ ಹಳೇ ಬ್ಲೂಟೂತ್ ಸ್ಪೀಕರಿನ ಚಾರ್ಜಿಂಗ್ ಕೇಬಲ್ ಸರಿಯಾಗಿ ಕೂತಿತ್ತು. ಕೂತ ಕೂಡಲೇ ಬೋರ್ಡಿನ ಪವರ್ ದೀಪ ಹತ್ತಿತ್ತು. ಈ ದೀಪವನ್ನು ನಂಬಿ ಕೆಟ್ಟವರು ಬಹಳ ಮಂದಿ. ಯುಎಸ್‌ಬಿ ಕೇಬಲ್ಲಿನೊಳಗೆ ನಾಲ್ಕು ತಂತಿಗಳಿರಬೇಕು: ಐದು ವೋಲ್ಟಿನ ಕೆಂಪು, ಗ್ರೌಂಡಿನ ಕಪ್ಪು, ಡೇಟಾ ಹೊರುವ ಹಸಿರು ಮತ್ತು ಬಿಳಿ. ಬರೀ ಚಾರ್ಜಿಗೆಂದು ಮಾಡಿದ ಅಗ್ಗದ ಕೇಬಲ್ಲುಗಳಲ್ಲಿ ಹಸಿರು, ಬಿಳಿ ಇರುವುದೇ ಇಲ್ಲ. ದೀಪ ಹತ್ತಲು ಕೆಂಪು, ಕಪ್ಪು ಸಾಕು. ಹೊರಗಿನಿಂದ ನೋಡಿದರೆ ಎರಡೂ ಕೇಬಲ್ ಒಂದೇ.

ಮಲ್ಟಿಮೀಟರ್ ಹಿಡಿದು ತಂತಿ ಪರೀಕ್ಷೆ ಮಾಡಬಹುದು, ಆದರೆ ಮಿನಿ ಪ್ಲಗ್ಗಿನೊಳಗೆ ಪ್ರೋಬ್ ಮುಟ್ಟಿಸುವುದು ಕಣ್ಣಿಗೂ ಕೈಗೂ ಕಷ್ಟ. ಅದಕ್ಕಿಂತ ಸುಲಭದ ದಾರಿ ಕಿವಿಯದು. ಡೇಟಾ ಹೊರುವ ಕೇಬಲ್ಲಿನಲ್ಲಿ ಬೋರ್ಡು ಸಿಕ್ಕಿಸಿದ ಕೂಡಲೇ ವಿಂಡೋಸ್ 'ಟಿಂಗ್' ಎಂದು ಸದ್ದು ಮಾಡುತ್ತದೆ, ತೆಗೆದಾಗಲೂ ಮಾಡುತ್ತದೆ. ಬೋರ್ಡು ಏನೆಂದು ಗೊತ್ತಾಗದಿದ್ದರೂ, ಡ್ರೈವರ್ ಇಲ್ಲದಿದ್ದರೂ, ಏನೋ ಬಂತು ಎಂಬುದು ಅದಕ್ಕೆ ತಿಳಿಯುತ್ತದೆ. ಸ್ಪೀಕರಿನ ಕೇಬಲ್ಲನ್ನು ಸಿಕ್ಕಿಸಿ ತೆಗೆದು ಮಾಡಿದೆವು. ದೀಪ ಹತ್ತಿತು, ಆರಿತು. ಸದ್ದಿಲ್ಲ. ತಂಗಿ ಬೀರುವಿನಿಂದ ಹಳೇ ಡಿಜಿಟಲ್ ಕ್ಯಾಮೆರಾದ ಪೆಟ್ಟಿಗೆ ತಂದಳು. ಅದರಲ್ಲಿ ಫೋಟೋಗಳನ್ನು ಕಂಪ್ಯೂಟರಿಗೆ ಇಳಿಸುತ್ತಿದ್ದ ಕೇಬಲ್ ಇತ್ತು, ಮಿನಿ ಪ್ಲಗ್ಗಿನದೇ. ಫೋಟೋ ಸಾಗಿಸಿದ ಕೇಬಲ್ ಎಂದರೆ ಡೇಟಾ ತಂತಿ ಇದ್ದೇ ಇದೆ. ಅದನ್ನು ಸಿಕ್ಕಿಸಿದರೆ ಟಿಂಗ್ ಎಂದಿತು.

ಡಿವೈಸ್ ಮ್ಯಾನೇಜರ್ ತೆಗೆದು ನೋಡಿದರೆ `Ports (COM & LPT)` ಅಡಿಯಲ್ಲಿ ಹೊಸ ಸಾಲು ಮೂಡಿತ್ತು: `USB-SERIAL CH340 (COM5)`. ಅಗ್ಗದ ನ್ಯಾನೊಗಳಲ್ಲಿ ಯುಎಸ್‌ಬಿ ಮಾತನ್ನು ಸೀರಿಯಲ್ ಮಾತಿಗೆ ತಿರುಗಿಸಿ ಕೊಡುವ ಚಿಪ್ಪು ಇದೇ. ಅದರ ಡ್ರೈವರ್ ಆ ಕಂಪ್ಯೂಟರಿನಲ್ಲಿ ಮೊದಲೇ ಇತ್ತು. ಇಲ್ಲದಿದ್ದರೆ ಆ ಜಾಗದಲ್ಲಿ ಹಳದಿ ಗುರುತಿನ ಜೊತೆ ಅಪರಿಚಿತ ಸಾಧನ ಎಂದು ಕಾಣುತ್ತಿತ್ತು, ಡ್ರೈವರ್ ಹಾಕಿದ ಮೇಲೆಯೇ ಪೋರ್ಟಿನ ಸಂಖ್ಯೆ ಬರುತ್ತಿತ್ತು. ಲಿನಕ್ಸಿನಲ್ಲಾದರೆ ಈ ಚಿಪ್ಪಿಗೆ ಡ್ರೈವರ್ ಒಳಗೇ ಇರುತ್ತದೆ, ಪೋರ್ಟು `/dev/ttyUSB0` ಎಂದು ಬರುತ್ತದೆ. ಆದರೆ ಉಬುಂಟು 22.04 ಬಂದಾಗ ಅಲ್ಲಿ ಬೇರೆಯದೇ ತೊಡಕು ಕಾಣಿಸಿಕೊಂಡಿತು. ಅಂಧರ ಬ್ರೈಲ್ ಪರದೆಗಳಿಗಾಗಿ ಇರುವ `brltty` ಎಂಬ ಸೇವೆ ಈ ಚಿಪ್ಪನ್ನು ಬ್ರೈಲ್ ಸಾಧನವೆಂದೇ ತಿಳಿದು ಹಿಡಿದುಕೊಳ್ಳುತ್ತಿತ್ತು. ಪೋರ್ಟು ಕ್ಷಣಕಾಲ ಮೂಡಿ ಮಾಯವಾಗುತ್ತಿತ್ತು. ಕೇಬಲ್ ಸರಿಯಿದ್ದೂ ಪೋರ್ಟು ನಿಲ್ಲದಿದ್ದರೆ ಅಲ್ಲಿ `dmesg` ಬರಹದಲ್ಲಿ ಆ ಹೆಸರು ಇದೆಯೇ ಎಂದು ನೋಡಬೇಕು.

ಯಾವ ಪೋರ್ಟು ನಮ್ಮದು ಎಂದು ತಿಳಿಯಲು ಸಂಖ್ಯೆಗಳ ಊಹೆ ಬೇಡ. ಬೋರ್ಡು ತೆಗೆದು `Tools` ಮೆನುವಿನ `Port` ಪಟ್ಟಿ ನೋಡಿ. ಮೆನು ಮುಚ್ಚಿ, ಬೋರ್ಡು ಸಿಕ್ಕಿಸಿ, ಮತ್ತೆ ನೋಡಿ. ಹೊಸದಾಗಿ ಬಂದದ್ದೇ ನಮ್ಮದು. ಅವಳು ಹಾಗೇ ಮಾಡಿದಳು, `COM5` ಆರಿಸಿದಳು, ಅಪ್‌ಲೋಡ್ ಒತ್ತಿದಳು.

ಮತ್ತೆ ಅದೇ ಸಾಲು. `not in sync`.

ಅವಳ ಮುಖ ಸಣ್ಣಗಾಯಿತು. "ಏನೂ ಬದಲಾಗ್ಲೇ ಇಲ್ವಲ್ಲ ಮಾಮ." ಇದೇ ಈ ದೋಷದಲ್ಲಿ ಮಂದಿ ಸೋಲುವ ಜಾಗ. ವಾಕ್ಯ ಅದೇ ಇದ್ದುದರಿಂದ ಕಾರಣವೂ ಅದೇ ಎಂದುಕೊಂಡು, ಕೇಬಲ್ ಬದಲಿಸಿದ್ದು ವ್ಯರ್ಥವೆಂದು ಹಳೆಯದಕ್ಕೇ ಮರಳುತ್ತಾರೆ. ಅಥವಾ ಐಡಿಇಯನ್ನೇ ತೆಗೆದು ಹೊಸದಾಗಿ ಹಾಕುತ್ತಾರೆ. ಅದರಿಂದ ಈ ದೋಷ ಹೋದದ್ದನ್ನು ನಾನು ಕಂಡಿಲ್ಲ. "ವಾಕ್ಯ ಬಿಡು, ಬೋರ್ಡ್ ನೋಡು. ಇನ್ನೊಂದ್ಸಲ ಒತ್ತು" ಎಂದೆ. ಈ ಸಲ ಅವಳು ಪರದೆ ಬಿಟ್ಟು ಬೋರ್ಡಿನ ಮೇಲೆ ಬಗ್ಗಿದಳು. ಅಪ್‌ಲೋಡ್ ಶುರುವಾದ ಗಳಿಗೆಯಲ್ಲಿ 'ಎಲ್' ಎಂದು ಗುರುತಿರುವ ದೀಪ ಮಿಣುಕಿತು. ಅದರ ಹಿಂದೆಯೇ 'ಆರ್‌ಎಕ್ಸ್' ದೀಪ ಬಿಟ್ಟು ಬಿಟ್ಟು ಮಿನುಗತೊಡಗಿತು. 'ಟಿಎಕ್ಸ್' ದೀಪ ಕಪ್ಪಾಗಿಯೇ ಇತ್ತು.

ಈ ಮೂರು ಪುಟ್ಟ ದೀಪಗಳು ಹೇಳುವಷ್ಟನ್ನು ಆ ಹತ್ತು ಸಾಲು ಹೇಳುವುದಿಲ್ಲ. ಎಲ್ ದೀಪ ಮಿಣುಕಿದ್ದು ಬೂಟ್‌ಲೋಡರ್ ಎದ್ದಿತು ಎಂಬುದಕ್ಕೆ ಗುರುತು. ರೀಸೆಟ್ ಗುಂಡಿಯನ್ನು ಕೈಯಿಂದ ಒತ್ತಿ ಬಿಟ್ಟಾಗಲೂ ಅದು ಹಾಗೇ ಮಿಣುಕಬೇಕು. ಹೊಸ ಬೋರ್ಡಿನಲ್ಲಿ ಎಷ್ಟು ಸಲ ಒತ್ತಿದರೂ ಆ ದೀಪ ಮಿಣುಕದಿದ್ದರೆ ಒಳಗೆ ಬೂಟ್‌ಲೋಡರ್ ಇಲ್ಲವೆಂದು ಅನುಮಾನಿಸಬಹುದು. ಇಲ್ಲಿ ಅದು ನಾವು ಗುಂಡಿ ಮುಟ್ಟದೆಯೇ ಮಿಣುಕಿತು, ಅಂದರೆ ಕಂಪ್ಯೂಟರಿನ ರೀಸೆಟ್ ಸನ್ನೆ ಚಿಪ್ಪನ್ನು ತಲುಪಿದೆ. ಆ ಸನ್ನೆ ಹೋಗುವುದು ಡಿಟಿಆರ್ ಎಂಬ ಗೆರೆಯಿಂದ, 0.1 ಮೈಕ್ರೋಫ್ಯಾರಡ್‌ನ ಒಂದು ಕೆಪ್ಯಾಸಿಟರ್ ದಾಟಿ, ಚಿಪ್ಪಿನ ರೀಸೆಟ್ ಕಾಲಿಗೆ. ಆರ್‌ಎಕ್ಸ್ ಮಿನುಗಿದ್ದು ಕಂಪ್ಯೂಟರಿನ ಮಾತು ಬೋರ್ಡಿನವರೆಗೆ ಬಂದದ್ದಕ್ಕೆ ಗುರುತು. ಟಿಎಕ್ಸ್ ಕಪ್ಪಾಗಿದ್ದದ್ದು ಬೋರ್ಡು ತಿರುಗಿ ಮಾತಾಡಲಿಲ್ಲ ಎಂಬುದಕ್ಕೆ. ಸ್ಪೀಕರಿನ ಕೇಬಲ್ ಇದ್ದಾಗ ಇವುಗಳಲ್ಲಿ ಒಂದೂ ಮಿನುಗಿರಲು ಸಾಧ್ಯವಿರಲಿಲ್ಲ. ವಾಕ್ಯ ಅದೇ, ರೋಗ ಬೇರೆ.

ಆದರೂ ನಾನು ಒಂದು ಹೆಜ್ಜೆ ಗಟ್ಟಿ ಮಾಡಿಕೊಂಡೆ, ಏಕೆಂದರೆ ಕಂಪ್ಯೂಟರಿನಿಂದ ಬೋರ್ಡಿಗೆ ಮಾತು ಬರುತ್ತದೆ ಎಂಬುದು ತಿಳಿಯಿತೇ ಹೊರತು ವಾಪಸು ಹೋಗುತ್ತದೆಯೇ ಎಂಬುದು ತಿಳಿಯಲಿಲ್ಲ. ಇದಕ್ಕೆ ಲೂಪ್‌ಬ್ಯಾಕ್ ಪರೀಕ್ಷೆ ಎನ್ನುತ್ತಾರೆ, ಎರಡು ಜಂಪರ್ ವೈರ್ ಸಾಕು. ಮೊದಲು ಬೋರ್ಡಿಗೆ ಸಿಕ್ಕಿಸಿದ ಸೆನ್ಸರ್, ಬಜರ್ ಎಲ್ಲ ಬಿಚ್ಚಿಟ್ಟೆವು. ರೀಸೆಟ್ ಕಾಲಿನಿಂದ ಗ್ರೌಂಡಿಗೆ ಒಂದು ವೈರ್ ಹಾಕಿದೆವು. ಇದರಿಂದ ಮುಖ್ಯ ಚಿಪ್ಪು ರೀಸೆಟ್ಟಿನಲ್ಲೇ ಉಳಿದು ನಡುವೆ ಬಾಯಿ ಹಾಕುವುದಿಲ್ಲ. ಇನ್ನೊಂದು ವೈರನ್ನು ಟಿಎಕ್ಸ್ ಕಾಲಿನಿಂದ ಆರ್‌ಎಕ್ಸ್ ಕಾಲಿಗೆ ಹಾಕಿದೆವು. ಸೀರಿಯಲ್ ಮಾನಿಟರ್ ತೆಗೆದು ಅವಳು ತನ್ನ ಹೆಸರು ಟೈಪಿಸಿ ಎಂಟರ್ ಒತ್ತಿದಳು. ಹೆಸರು ಕೆಳಗಿನ ಚೌಕದಲ್ಲಿ ತಿರುಗಿ ಬಂತು. ಟಿಎಕ್ಸ್‌ನಿಂದ ಆರ್‌ಎಕ್ಸ್‌ಗೆ ಹಾಕಿದ ವೈರ್ ಕಿತ್ತಳು, ಮತ್ತೆ ಟೈಪಿಸಿದಳು, ಏನೂ ಬರಲಿಲ್ಲ. ವೈರ್ ಕಿತ್ತು ನೋಡುವುದು ಮುಖ್ಯ. ತಿರುಗಿ ಬಂದದ್ದು ಆ ವೈರಿನ ದಾರಿಯಿಂದಲೇ ಎಂದು ಖಾತ್ರಿಯಾಗುವುದು ಆಗಲೇ.

ಅಲ್ಲಿಗೆ ಕೇಬಲ್, ಡ್ರೈವರ್, ಪೋರ್ಟ್, ಯುಎಸ್‌ಬಿ ಚಿಪ್ಪು ಎಲ್ಲವೂ ಒಂದೇ ಏಟಿಗೆ ಅನುಮಾನದ ಪಟ್ಟಿಯಿಂದ ಹೊರಬಿದ್ದವು. ದಾರಿ ಎರಡೂ ಕಡೆಗೆ ಸರಿಯಿದೆ. ಉಳಿದದ್ದು ಭಾಷೆ.

ಬೋರ್ಡಿನ ಆಯ್ಕೆ ತಪ್ಪಿದಾಗ ಎಷ್ಟೋ ಸಲ ಸಂದೇಶದ ಪದಗಳೇ ಅದನ್ನು ಬಿಟ್ಟುಕೊಡುತ್ತವೆ. ಊನೊ ಸಿಕ್ಕಿಸಿ ಮೆನುವಿನಲ್ಲಿ ಮೆಗಾ ಆರಿಸಿದ್ದರೆ ಸಾಲಿನಲ್ಲಿ `stk500v2_ReceiveMessage(): timeout` ಎಂದು ಬರುತ್ತದೆ. ಲಿಯೊನಾರ್ಡೊ ಆರಿಸಿದ್ದರೆ `butterfly_recv()` ಎಂಬ ಹೆಸರು ಕಾಣುತ್ತದೆ. ಆ ಬೋರ್ಡುಗಳು ಮಾತಾಡುವ ಬಗೆಯೇ ಬೇರೆ, ಎವಿಆರ್‌ಡ್ಯೂಡ್ ಆ ಬಗೆಯಲ್ಲಿ ಕೂಗಿ ಸೋತಿರುತ್ತದೆ. ನಿಮ್ಮ ಕೈಯಲ್ಲಿ ಊನೊ ಇದ್ದು ಸಂದೇಶದಲ್ಲಿ ಈ ಹೆಸರುಗಳಿದ್ದರೆ ನೇರವಾಗಿ `Board` ಮೆನುವಿಗೆ ಹೋಗಬಹುದು. ಕಂಪೈಲ್ ಆದಾಗ ಬರುವ ಸಾಲಿನಲ್ಲೂ ಒಂದು ಸುಳಿವಿದೆ. ಊನೊ ಆರಿಸಿದ್ದರೆ ಗರಿಷ್ಠ ಜಾಗ 32256 ಬೈಟ್ ಎನ್ನುತ್ತದೆ, ನ್ಯಾನೊ ಆರಿಸಿದ್ದರೆ 30720. ಎರಡರಲ್ಲೂ ಚಿಪ್ಪು ಒಂದೇ, 32 ಕಿಲೋಬೈಟಿನದೇ. ವ್ಯತ್ಯಾಸ ಬೂಟ್‌ಲೋಡರಿಗೆಂದು ಕಾದಿರಿಸಿದ ಜಾಗದ್ದು: ಊನೊದಲ್ಲಿ 512 ಬೈಟ್, ನ್ಯಾನೊದಲ್ಲಿ 2048.

ಅವಳ ಪರದೆಯಲ್ಲಿ 30720 ಎಂದೇ ಇತ್ತು. ಬೋರ್ಡು ನ್ಯಾನೊ, ಆರಿಸಿದ್ದೂ ನ್ಯಾನೊ. ಹಾಗಿದ್ದರೆ ತಪ್ಪೆಲ್ಲಿ? ನ್ಯಾನೊದ ವಿಷಯದಲ್ಲಿ ಬೋರ್ಡಿನ ಹೆಸರು ಅರ್ಧ ಉತ್ತರ ಮಾತ್ರ. ಉಳಿದರ್ಧ ಅದರ ಕೆಳಗಿನ `Processor` ಎಂಬ ಮೆನುವಿನಲ್ಲಿದೆ, ಅದನ್ನು ತೆರೆದು ನೋಡುವವರು ಕಡಿಮೆ.

ನ್ಯಾನೊಗಳಲ್ಲಿ ಮೊದಲಿಗೆ ಇದ್ದದ್ದು ಹಳೇ ಬೂಟ್‌ಲೋಡರ್. ಆ 2048 ಬೈಟ್ ಜಾಗವನ್ನು ಬಿಟ್ಟಿದ್ದು ಅದಕ್ಕಾಗಿಯೇ. ಅದು ಸೆಕೆಂಡಿಗೆ 57600 ಬಿಟ್ ವೇಗದಲ್ಲಿ ಮಾತಾಡುತ್ತದೆ. ಊನೊದಲ್ಲಿ ಇರುವುದು ಆಪ್ಟಿಬೂಟ್, 512 ಬೈಟಿನಲ್ಲಿ ಮುಗಿಯುವ ಚೊಕ್ಕ ಕೆಲಸ, ವೇಗ 115200. ಆರ್ಡುಯಿನೊ ಸಂಸ್ಥೆ 2018ರ ಜನವರಿಯಿಂದ ತನ್ನ ನ್ಯಾನೊಗಳಲ್ಲೂ ಹೊಸ ಬೂಟ್‌ಲೋಡರ್ ಹಾಕತೊಡಗಿತು, ಐಡಿಇಯಲ್ಲೂ ಅದನ್ನೇ ಮೊದಲ ಆಯ್ಕೆ ಮಾಡಿತು. ಆದರೆ ನ್ಯಾನೊದ ವಿನ್ಯಾಸ ಎಲ್ಲರಿಗೂ ತೆರೆದದ್ದು, ಅದನ್ನು ಯಾರು ಬೇಕಾದರೂ ಮಾಡಿ ಮಾರಬಹುದು. ಹಾಗೆ ಮಾಡುವ ಎಷ್ಟೋ ಕಾರ್ಖಾನೆಗಳು ಹಳೇ ಬೂಟ್‌ಲೋಡರನ್ನೇ ಮುಂದುವರಿಸಿದವು. ಅಗ್ಗಕ್ಕೆ ಸಿಗುವ ಬೋರ್ಡುಗಳಲ್ಲಿ ನಾನು ಹೆಚ್ಚಾಗಿ ಕಂಡಿರುವುದು ಅದನ್ನೇ. ಬೋರ್ಡಿನ ಮೇಲೆ ಇದನ್ನು ಎಲ್ಲೂ ಮುದ್ರಿಸಿರುವುದಿಲ್ಲ. ನೋಡಿ ತಿಳಿಯುವ ಬಗೆಯಿಲ್ಲ.

ವೇಗ ತಪ್ಪಿದರೆ ಆಗುವುದೇನು ಎಂದು ಅವಳು ಕೇಳಿದಳು. ಕಾಗದದ ಮೇಲೆ ಗೆರೆ ಎಳೆದು ತೋರಿಸಿದೆ. 115200ರಲ್ಲಿ ಒಂದು ಬಿಟ್ ತಂತಿಯ ಮೇಲೆ ನಿಲ್ಲುವುದು ಸುಮಾರು 8.7 ಮೈಕ್ರೋಸೆಕೆಂಡು. 57600ಕ್ಕೆ ಹೊಂದಿಸಿದ ಬೂಟ್‌ಲೋಡರು ಪ್ರತಿ ಬಿಟ್ಟಿಗೂ ಅದರ ಎರಡರಷ್ಟು ಹೊತ್ತು ಕಾಯುತ್ತದೆ. ಅದು ಒಂದು ಬಿಟ್ ಓದುವಷ್ಟರಲ್ಲಿ ಕಂಪ್ಯೂಟರ್ ಎರಡು ಬಿಟ್ ಕಳಿಸಿ ಮುಂದೆ ಹೋಗಿರುತ್ತದೆ. ಕಳಿಸಿದ್ದು `0x30` ಆದರೂ ಒಳಗೆ ಕೇಳಿಸುವುದು ಇನ್ನೇನೋ. ಗುರುತು ಸಿಗದ ಬೈಟಿಗೆ ಅದು `0x14` ಎಂದು ಉತ್ತರಿಸುವುದಿಲ್ಲ. ಸ್ವಲ್ಪ ಕಾದು, ತನ್ನಲ್ಲಿರುವ ಹಳೇ ಪ್ರೋಗ್ರಾಮನ್ನೇ ಓಡಿಸಲು ಹೋಗಿಬಿಡುತ್ತದೆ. ಆರ್‌ಎಕ್ಸ್ ಮಿನುಗಿ ಟಿಎಕ್ಸ್ ಕಪ್ಪಾಗಿದ್ದದ್ದು ಇದರಿಂದ.

ವೈರುಗಳನ್ನು ಕಿತ್ತೆವು, ರೀಸೆಟ್ಟಿನದನ್ನು ಮರೆಯದೆ. ಅದನ್ನು ಬಿಟ್ಟು ಅಪ್‌ಲೋಡ್ ಮಾಡಿದರೆ ಮತ್ತೆ ಅದೇ ದೋಷ ಬರುತ್ತದೆ. `Tools`, `Processor`, `ATmega328P (Old Bootloader)`. ಅಪ್‌ಲೋಡ್ ಒತ್ತಿದಳು. ಅಪ್ಪಣೆಯ ಸಾಲಿನಲ್ಲಿ ಈ ಸಲ `-b57600` ಎಂದಿತ್ತು. ಆರ್‌ಎಕ್ಸ್, ಟಿಎಕ್ಸ್ ಎರಡೂ ದೀಪ ಒಟ್ಟಿಗೆ ಪಟಪಟನೆ ಹೊಳೆದವು. ಪರದೆಯಲ್ಲಿ:

```
avrdude: AVR device initialized and ready to accept instructions
avrdude: Device signature = 0x1e950f (probably m328p)
```

`0x1e950f` ಎಂಬುದು ಎಟಿಮೆಗಾ 328ಪಿ ಚಿಪ್ಪಿನೊಳಗೆ ಕೆತ್ತಿರುವ ಗುರುತು. ಈ ಸಾಲು ಕಂಡರೆ ಕೇಬಲ್, ಪೋರ್ಟು, ವೇಗ ಮೂರೂ ಸರಿಯಿವೆ ಎಂದು ಅರ್ಥ. ಇದರ ನಂತರ ಏನೇ ಕೆಟ್ಟರೂ ಅದು ಸಿಂಕ್ ದೋಷವಲ್ಲ, ಬೇರೆ ಮಾತು.

"ಹಾಗಿದ್ರೆ ಮೊದಲೇ ಓಲ್ಡ್ ಬೂಟ್‌ಲೋಡರ್ ಹಾಕಿದ್ರೆ ಆಗ್ತಿತ್ತಲ್ಲ ಮಾಮ?" ಎಂದಳು. ಆಗುತ್ತಿರಲಿಲ್ಲ. `COM1`ನಲ್ಲಿ ಕೇಳುವವರೇ ಇಲ್ಲದಿದ್ದಾಗ ಯಾವ ವೇಗದಲ್ಲಿ ಕೂಗಿದರೂ ಒಂದೇ. ಅವಳು ಬೆಳಗ್ಗೆ ಅದನ್ನೂ ಒಮ್ಮೆ ಹಾಕಿ ನೋಡಿದ್ದಳಂತೆ, ಹೋಗಲಿಲ್ಲವೆಂದು ತೆಗೆದಿದ್ದಳು. ಎರಡು ತಪ್ಪು ಒಟ್ಟಿಗಿದ್ದಾಗ ಒಂದನ್ನು ಸರಿಮಾಡಿದರೆ ಫಲ ಕಾಣುವುದಿಲ್ಲ, ಸರಿಯಾದ ಮದ್ದನ್ನೇ ನಾವು ಆಚೆ ಎಸೆಯುತ್ತೇವೆ. ಕೇಬಲ್ ಮೊದಲು, ಪೋರ್ಟು ಆಮೇಲೆ, ಬೋರ್ಡಿನ ಆಯ್ಕೆ ಕೊನೆಗೆ ಎಂಬ ಅನುಕ್ರಮವನ್ನು ನಾನು ಹಟ ಹಿಡಿದು ಪಾಲಿಸುವುದು ಇದಕ್ಕಾಗಿ. ಹಿಂದಿನದು ಸರಿಯಾಗದೆ ಮುಂದಿನದರ ಪರೀಕ್ಷೆ ಏನನ್ನೂ ಹೇಳಲಾರದು.

ಖಾಲಿ ಸ್ಕೆಚ್ ಹೋದ ಮೇಲೆ ಅವಳು ಟ್ಯಾಂಕಿನ ಕೋಡನ್ನು ಮರಳಿ ತುಂಬಿದಳು, ಸೆನ್ಸರ್ ಜೋಡಿಸಲು ಹೊರಟಳು. ಅದರ ಎರಡು ಕಾಲುಗಳನ್ನು 0 ಮತ್ತು 1ನೇ ಪಿನ್ನುಗಳಿಗೆ ಹಾಕುವ ಯೋಚನೆಯಿತ್ತು, ತುದಿಯಲ್ಲಿವೆ, ವೈರಿಗೆ ಅನುಕೂಲ ಎಂದು. ತಡೆದೆ. ಆರ್‌ಎಕ್ಸ್, ಟಿಎಕ್ಸ್ ಎಂದರೆ ಆ ಎರಡು ಪಿನ್ನುಗಳೇ. ಅಪ್‌ಲೋಡ್ ಆಗುವ ಹೊತ್ತಿಗೆ ಅಲ್ಲಿ ಬೇರೇನಾದರೂ ಕೂತು ಗೆರೆಯನ್ನು ಎಳೆಯುತ್ತಿದ್ದರೆ ಮಾತು ಕೆಡುತ್ತದೆ, ಕೇಬಲ್, ಪೋರ್ಟು, ಬೋರ್ಡು ಮೂರೂ ಸರಿಯಿದ್ದೂ ಅದೇ ಹತ್ತು ಸಾಲು ಬರುತ್ತವೆ. ಬ್ಲೂಟೂತ್ ಮಾಡ್ಯೂಲ್, ಜಿಎಸ್‌ಎಂ ಮಾಡ್ಯೂಲ್ ಹಾಕುವವರಿಗೆ ಇದು ಹೆಚ್ಚು ಕಾಡುತ್ತದೆ, ಅಪ್‌ಲೋಡ್ ಮಾಡುವಾಗ ಆ ಎರಡು ವೈರ್ ಕಿತ್ತು ಆಮೇಲೆ ಹಾಕಬೇಕು. ಅವಳು ಸೆನ್ಸರಿನ ವೈರುಗಳನ್ನು 9 ಮತ್ತು 10ಕ್ಕೆ ಬದಲಿಸಿ, ಕೋಡಿನಲ್ಲೂ ಆ ಸಂಖ್ಯೆಗಳನ್ನು ತಿದ್ದಿ, ಅಪ್‌ಲೋಡ್ ಮಾಡಿದಳು. ಹೋಯಿತು. ಸ್ಪೀಕರಿನ ಕೇಬಲ್ಲಿಗೆ 'ಚಾರ್ಜ್ ಮಾತ್ರ' ಎಂದು ಬರೆದ ಟೇಪ್ ಸುತ್ತಿ ಬೇರೆ ಡ್ರಾಯರಿಗೆ ಹಾಕಿಸಿದೆ.